ನೀವು ಮರಳಿ ಬಂದಾಗ ಮಗು ಏನು ಮಾಡುತ್ತದೆ? ಮೊದಲ ಐದು ನಿಮಿಷ ನೋಡುವ ಬಗೆ

ಹದಿನಾಲ್ಕು ತಿಂಗಳ ಗಂಡು ಮಗು. ತಾಯಿ ಕೆಲಸಕ್ಕೆ ಮತ್ತೆ ಹೋಗಲು ಶುರು ಮಾಡಿ ಐದು ವಾರ ಆಗಿತ್ತು. ಮಗುವಿನ ನಂಟಿನ ಬಗ್ಗೆ ಮಾತಾಡಲು ಅಪ್ಪ ಅಮ್ಮ ಇಬ್ಬರೂ ನನ್ನ ಬಳಿ ಬಂದಿದ್ದರು. ಅಪ್ಪ ಖುಷಿಯಾಗಿ ಹೇಳಿದರು: "ನಮ್ಮ ಹುಡುಗ ತುಂಬಾ ಗಟ್ಟಿ ಮೇಡಂ. ಬಿಟ್ಟು ಹೋದ್ರೂ ಅಳಲ್ಲ, ವಾಪಸ್ ಬಂದ್ರೂ ಹಠ ಮಾಡಲ್ಲ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅಂದರು: "ನಾನು ಬಂದ್ರೂ ಅವನಿಗೆ ಒಂದೇ, ಬರದಿದ್ರೂ ಒಂದೇ ಅನ್ಸುತ್ತೆ."

ಇಬ್ಬರೂ ನೋಡಿದ್ದು ಒಂದೇ ಸಂಗತಿ. ಅಪ್ಪನಿಗೆ ಅದು ಧೈರ್ಯದಂತೆ ಕಂಡಿತು, ಅಮ್ಮನಿಗೆ ಪ್ರೀತಿ ಇಲ್ಲದ ಹಾಗೆ. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಯಾಕೆ ಅನ್ನಿಸಲಿಲ್ಲ, ಆಮೇಲೆ ನಾವು ಮೂವರೂ ಸೇರಿ ಏನು ಮಾಡಿದೆವು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಈ ವಯಸ್ಸಿನ ಮಗು ಇದ್ದರೆ ಇದೇ ದಾರಿಯಲ್ಲಿ ಹೋಗಬಹುದು.

ಅಳುವಿಗಿಂತ ಮರಳುವಿಕೆ ಮುಖ್ಯ ಯಾಕೆ

ಅಟ್ಯಾಚ್‌ಮೆಂಟ್, ಅಂದರೆ ನಾನು ನಂಟು ಅಂದದ್ದು, ಅನ್ನೋ ಮಾತನ್ನು ಈಗ ಎಲ್ಲರೂ ಕೇಳಿರುತ್ತಾರೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದಕ್ಕೆ ಅಡಿಪಾಯ ಹಾಕಿದರು. ಭಯವಾದಾಗ, ನೋವಾದಾಗ, ಸುಸ್ತಾದಾಗ ಮಗು ತನಗೆ ಗೊತ್ತಿರುವ ಒಬ್ಬ ದೊಡ್ಡವರ ಹತ್ತಿರ ಓಡುತ್ತದೆ. ಆ ಹತ್ತಿರ ಸಿಕ್ಕರೆ ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುತ್ತದೆ. ಇದು ಮುದ್ದಿನಿಂದ ಬಂದ ಅಭ್ಯಾಸ ಅಲ್ಲ, ಹಸಿವಿನ ಹಾಗೆ ಹುಟ್ಟಿನಿಂದಲೇ ಇರುವ ಅಗತ್ಯ ಅಂತ ಅವರು ಹೇಳಿದರು. ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದವರು ಮೇರಿ ಐನ್ಸ್‌ವರ್ತ್. ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು ತಾಯಿ ಮಕ್ಕಳನ್ನು ಮನೆಯಲ್ಲೇ ಕೂತು ಗಮನಿಸಿದರು. ಬಾಲ್ಟಿಮೋರ್‌ನಲ್ಲಿ ಇದ್ದದ್ದು 26 ಕುಟುಂಬಗಳು ಮಾತ್ರ. ಆದರೆ ಮಗುವಿನ ಮೊದಲ ವರ್ಷ ಪೂರ್ತಿ ಮತ್ತೆ ಮತ್ತೆ ಹೋಗಿ, ಪ್ರತಿ ಸಲ ಗಂಟೆಗಟ್ಟಲೆ ಕೂತು ನೋಡಿದ ಅಧ್ಯಯನ ಅದು.

ಮಗುವಿಗೆ ಒಂದು ವರ್ಷ ತುಂಬುವಾಗ ಅವರು ಒಂದು ಪರೀಕ್ಷೆ ಮಾಡಿದರು. ಆಟಿಕೆಗಳಿರುವ ಹೊಸ ಕೋಣೆಗೆ ತಾಯಿ ಮಗು ಬರುತ್ತಾರೆ. ಪರಿಚಯವಿಲ್ಲದ ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ತಾಯಿ ಹೊರಗೆ ಹೋಗುತ್ತಾಳೆ, ಮರಳಿ ಬರುತ್ತಾಳೆ. ಇನ್ನೊಮ್ಮೆ ಹೋಗುತ್ತಾಳೆ, ಈ ಸಲ ಮಗು ಒಂದೇ ಇರುತ್ತದೆ. ಮೊದಲು ಆ ಹೆಂಗಸು ಬರುತ್ತಾಳೆ, ಕೊನೆಗೆ ತಾಯಿ ಬರುತ್ತಾಳೆ. ಒಂದೊಂದು ಹಂತ ಹೆಚ್ಚೆಂದರೆ ಮೂರು ನಿಮಿಷ, ಮಗು ತುಂಬಾ ಅತ್ತರೆ ಅದಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ.

ತಾಯಿ ಹೋದಾಗ ಯಾರು ಅಳುತ್ತಾರೆ, ಯಾರು ಅಳಲ್ಲ ಅನ್ನೋದರಿಂದ ಎಲ್ಲಾ ತಿಳಿಯುತ್ತದೆ ಅಂತ ಯಾರಿಗಾದರೂ ಅನ್ನಿಸೀತು. ಆದರೆ ಮನೆಯಲ್ಲಿ ವರ್ಷವಿಡೀ ನೋಡಿದ್ದಕ್ಕೆ ಚೆನ್ನಾಗಿ ತಾಳೆಯಾದದ್ದು ತಾಯಿ ಮರಳಿ ಬಂದ ಕ್ಷಣದಲ್ಲಿ ಮಗು ಮಾಡಿದ್ದು. ಜೋರಾಗಿ ಅತ್ತ ಮಗುವಿನ ನಂಟು ಭದ್ರವಾಗಿರಬಹುದು, ಒಂದು ಹನಿ ಕಣ್ಣೀರು ಹಾಕದ ಮಗುವಿನದು ಇಲ್ಲದಿರಬಹುದು. ಅಪ್ಪ ಅಮ್ಮಂದಿರ ಜೊತೆ ಮಾತಾಡುವಾಗ ನಾನು ಮೊದಲು ಹೇಳೋದು ಇದನ್ನೇ.

ಮರಳಿದಾಗ ಕಂಡ ಬಗೆಗಳು ಹೀಗಿದ್ದವು. ಹೆಚ್ಚಿನ ಮಕ್ಕಳು ತಾಯಿಯ ಕಡೆ ಹೋಗುತ್ತವೆ ಅಥವಾ ನಕ್ಕು, ಕೂಗಿ, ಕೈ ಚಾಚಿ ಕರೆಯುತ್ತವೆ. ಅತ್ತಿದ್ದರೆ ಎತ್ತಿಕೊಂಡಾಗ ಸಮಾಧಾನವಾಗುತ್ತವೆ, ಸ್ವಲ್ಪ ಹೊತ್ತಿಗೆ ಇಳಿದು ಆಡುತ್ತವೆ. ಇದನ್ನು ಭದ್ರ ನಂಟು ಅನ್ನೋಣ. ಸಾಮಾನ್ಯ ಕುಟುಂಬಗಳ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇಲ್ಲಿ ಬರುತ್ತಾರೆ. ಕೆಲವು ಮಕ್ಕಳು ತಾಯಿ ಬಂದಾಗ ಮುಖ ತಿರುಗಿಸಿ ಆಟಿಕೆಯಲ್ಲೇ ಮುಳುಗುತ್ತವೆ. ಇದು ದೂರ ಸರಿಯುವ ನಂಟು. ಇನ್ನು ಕೆಲವು ತಾಯಿಗಾಗಿ ಹಂಬಲಿಸಿ ಅಳುತ್ತವೆ, ಎತ್ತಿಕೊಂಡರೆ ಒದೆಯುತ್ತವೆ, ಇಳಿಸಿದರೆ ಮತ್ತೆ ಅಳುತ್ತವೆ, ಎಷ್ಟು ಹೊತ್ತಾದರೂ ಸಮಾಧಾನ ಆಗಲ್ಲ. ಇದು ತಳಮಳದ ನಂಟು. ನಾಲ್ಕನೆಯದೂ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ದೂರ ಸರಿಯುವ ಮಗು ಶಾಂತವಾಗಿದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅಲ್ವಾ? 1977ರಲ್ಲಿ ಆಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ ಇಂಥ ಮಕ್ಕಳ ಎದೆಬಡಿತದ ಬಗ್ಗೆ ಬರೆದರು. ಮುಖದಲ್ಲಿ ಏನೂ ಇಲ್ಲ, ಕೈ ಆಟಿಕೆಯ ಮೇಲಿದೆ, ಆದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತಿದೆ. ಅಂದರೆ ಆ ಮಗುವಿಗೂ ತಾಯಿ ಬೇಕು. ಹತ್ತಿರ ಹೋಗಿ ಅತ್ತರೆ ಕೆಲಸ ಆಗಲ್ಲ, ಸುಮ್ಮನೆ ಹತ್ತಿರದಲ್ಲೇ ಆಡುತ್ತಿದ್ದರೆ ಕನಿಷ್ಠ ಅಮ್ಮ ದೂರ ಹೋಗಲ್ಲ ಅಂತ ಅದು ಅನುಭವದಿಂದ ಕಲಿತಿದೆ. ನಾನು ಈ ಮಾತನ್ನು ಆ ಅಮ್ಮನಿಗೆ ಹೇಳಿದಾಗ ಅವರು ಅತ್ತುಬಿಟ್ಟರು. ಮಗುವಿಗೆ ತಾನು ಬೇಡ ಅಂತ ಅವರು ಐದು ವಾರದಿಂದ ನಂಬಿಕೊಂಡಿದ್ದರು.

ಮೊದಲ ಹೆಜ್ಜೆ: ಪರೀಕ್ಷೆ ಮಾಡಬೇಡಿ, ಬರೆದಿಡಿ

ಇಷ್ಟು ಓದಿದ ಮೇಲೆ ಮನೆಯಲ್ಲೇ ಒಮ್ಮೆ ಹೊರಗೆ ಹೋಗಿ ಬಂದು ನೋಡೋಣ ಅನ್ನಿಸಬಹುದು. ದಯವಿಟ್ಟು ಬೇಡ. ಆ ಪರೀಕ್ಷೆಯ ವಿಡಿಯೋ ನೋಡಿ ಅಂಕ ಹಾಕುವವರು ತಿಂಗಳುಗಟ್ಟಲೆ ತರಬೇತಿ ಪಡೆದಿರುತ್ತಾರೆ. ಮಗು ಎಷ್ಟು ಹತ್ತಿರ ಬಂತು, ಎಷ್ಟು ಹೊತ್ತು ಅಪ್ಪಿ ಹಿಡಿಯಿತು, ಎಷ್ಟು ಮುಖ ತಿರುಗಿಸಿತು, ಎಷ್ಟು ಪ್ರತಿಭಟಿಸಿತು ಅಂತ ಬೇರೆ ಬೇರೆಯಾಗಿ ಅಳೆಯುತ್ತಾರೆ. ಅಲ್ಲಿ ಕೋಣೆ ಹೊಸದು, ಮನೆಯಲ್ಲಿ ಎಲ್ಲಾ ಪರಿಚಿತ. ಪರಿಚಿತ ಜಾಗದಲ್ಲಿ ನೀವು ಬಂದಾಗ ಮಗು ತಲೆ ಎತ್ತಿ ನೋಡಿ ಮತ್ತೆ ಆಡಿದರೆ ಅದು ತೀರಾ ಸಹಜ. ಸುಮ್ನೆ ಅಳಿಸಿ ನೋಡಲು ಹೋದರೆ ಮಗುವಿಗೆ ಸಂಕಟ, ನಿಮಗೆ ತಪ್ಪು ಉತ್ತರ.

ಬದಲಿಗೆ ದಿನಾ ಆಗುವ ಮರಳುವಿಕೆಯನ್ನೇ ಗಮನಿಸಿ. ಕೆಲಸದಿಂದ ಬಂದಾಗ, ಡೇಕೇರ್‌ನಿಂದ ಕರೆದುಕೊಳ್ಳುವಾಗ. ಹತ್ತು ದಿನ ಒಂದು ನೋಟ್‌ಬುಕ್‌ನಲ್ಲಿ ಮೂರು ನಾಲ್ಕು ಸಾಲು ಬರೆದರೆ ಸಾಕು. ನನ್ನನ್ನು ಕಂಡ ತಕ್ಷಣ ಏನು ಮಾಡಿತು? ಹತ್ತಿರ ಬಂತಾ, ಬಂದು ನಿಂತಿತಾ, ದಾರಿ ಬದಲಿಸಿತಾ? ಬೇಸರದಲ್ಲಿದ್ದರೆ ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು? ಆಮೇಲೆ ಆಟಕ್ಕೆ ಮರಳಿತಾ? ಜೊತೆಗೆ ಆ ದಿನ ನಿದ್ದೆ ಆಗಿತ್ತಾ, ಹಸಿವಿತ್ತಾ, ಜ್ವರ ಇತ್ತಾ, ಹಲ್ಲು ಬರುತ್ತಿತ್ತಾ ಅಂತಲೂ ಬರೆಯಿರಿ. ಸುಸ್ತಾದ ಮಗುವಿನ ಒಂದು ಸಂಜೆಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ವಯಸ್ಸೂ ಮುಖ್ಯ. ಆರು ಏಳು ತಿಂಗಳ ತನಕ ಮಗು ಯಾರ ಕೈಗಾದರೂ ಸುಲಭವಾಗಿ ಹೋಗುವುದುಂಟು. ಅದಾದ ಮೇಲೆ ಒಬ್ಬಿಬ್ಬರ ಮೇಲೆ ನಂಟು ಸ್ಪಷ್ಟವಾಗುತ್ತದೆ, ಅವರು ಎದ್ದರೆ ಅಳು ಬರುತ್ತದೆ. ನಾನು ಹೇಳುತ್ತಿರುವ ಗಮನಿಸುವಿಕೆ ಸುಮಾರು ಹತ್ತು ತಿಂಗಳಿಂದ ಒಂದೂವರೆ ವರ್ಷದ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಮಾತು. ಹುಟ್ಟಿದ ಮೊದಲ ಗಂಟೆಯಲ್ಲಿ ಮಗುವನ್ನು ಎದೆಗೆ ಹಾಕಿಕೊಳ್ಳಲು ಆಗಲಿಲ್ಲ, ಆಪರೇಷನ್ ಆಯಿತು, ಎದೆಹಾಲು ಸಾಲಲಿಲ್ಲ ಅಂತ ಕೊರಗುವ ತಾಯಂದಿರು ಬಹಳ. ಈ ನಂಟು ತಿಂಗಳುಗಟ್ಟಲೆ ದಿನನಿತ್ಯದ ಒಡನಾಟದಲ್ಲಿ ಬೆಳೆಯುತ್ತದೆ. ಆ ಒಂದು ಗಂಟೆ ತಪ್ಪಿದ್ದಕ್ಕೆ ಅದು ತಪ್ಪಿಹೋಗುವುದಿಲ್ಲ. ಅಪ್ಪ, ಅಜ್ಜಿ, ದತ್ತು ಪಡೆದ ತಾಯಿ ಎಲ್ಲರ ಜೊತೆಗೂ ಅದು ಹೀಗೇ ಬೆಳೆಯುತ್ತದೆ.

ಎರಡನೇ ಹೆಜ್ಜೆ: ಸಣ್ಣ ಗುರುತುಗಳನ್ನು ಓದುವುದು

ಆ ಅಮ್ಮನ ನೋಟ್‌ಬುಕ್‌ನ ಮೊದಲ ವಾರ ಹೀಗಿತ್ತು. "ಸೋಮವಾರ: ಬಾಗಿಲು ತೆಗೆದಾಗ ನೋಡಿದ. ಮತ್ತೆ ಬ್ಲಾಕ್ಸ್ ಕಡೆ ತಿರುಗಿದ. ಎತ್ತಿಕೊಂಡೆ, ಹಿಂದಕ್ಕೆ ಬಾಗಿ ಫ್ಯಾನ್ ತೋರಿಸಿದ. ಇಳಿಸಿದೆ." "ಮಂಗಳವಾರ: ಎದ್ದು ನನ್ನ ಕಡೆ ಬಂದ, ಅರ್ಧ ದಾರಿಯಲ್ಲಿ ಚೆಂಡಿನ ಕಡೆ ಹೋದ. ನಾನು ಬಟ್ಟೆ ಬದಲಿಸಲು ಹೋದೆ." "ಗುರುವಾರ: ನೋಡಲೇ ಇಲ್ಲ. ನಾನೂ ಕರೆಯಲಿಲ್ಲ."

ಮಂಗಳವಾರದ ಸಾಲು ನೋಡಿ. ಅವನು ಹೊರಟಿದ್ದಾನೆ, ಅರ್ಧ ದಾರಿ ಬಂದಿದ್ದಾನೆ. ದೂರ ಸರಿಯುವಿಕೆ ಬಹಳ ಸಲ ಕಾಣುವುದೇ ಹೀಗೆ: ಬರಬೇಕು ಅನ್ನೋ ಆಸೆ, ಬಂದರೆ ಏನಾಗುತ್ತೋ ಅನ್ನೋ ಅನುಮಾನ, ಎರಡರ ನಡುವೆ ಸಿಕ್ಕ ಒಂದು ಚೆಂಡು. ಎತ್ತಿಕೊಂಡಾಗ ಹಿಂದಕ್ಕೆ ಬಾಗಿ ಇನ್ನೇನನ್ನೋ ತೋರಿಸುವುದೂ ಅಂಥದ್ದೇ. ಅಮ್ಮ ಮಾಡಿದ್ದನ್ನೂ ನೋಡಿ. ಅವನು ತಿರುಗಿದ, ಅವರಿಗೆ ನೋವಾಯಿತು, ಅವರೂ ತಿರುಗಿದರು. ಗುರುವಾರದ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದನ್ನು ಬಿಟ್ಟಿದ್ದಾರೆ. ಯಾರದೂ ತಪ್ಪಲ್ಲ, ಆದರೆ ಸುತ್ತು ಬಿಗಿಯಾಗುತ್ತಿತ್ತು.

ತಳಮಳದ ಬಗೆಯಲ್ಲಿ ಗುರುತುಗಳು ಬೇರೆ. ಕೈ ಚಾಚಿ ಬರುತ್ತದೆ, ಎತ್ತಿಕೊಂಡ ಕೂಡಲೇ ಸೆಟೆದುಕೊಳ್ಳುತ್ತದೆ. ಕೊಟ್ಟ ಆಟಿಕೆಯನ್ನು ಎಸೆಯುತ್ತದೆ. ನಿಮ್ಮನ್ನು ಹಿಡಿದುಕೊಂಡೇ ನಿಮ್ಮ ಮೇಲೆ ಸಿಟ್ಟು ತೋರಿಸುತ್ತದೆ. ಇದನ್ನು ಹಠ ಅಂತ ಕರೆದರೆ ಅಲ್ಲಿಗೆ ನೋಡುವುದು ನಿಂತುಬಿಡುತ್ತದೆ. ಕೆಲವೊಮ್ಮೆ ಸಿಗುವ, ಕೆಲವೊಮ್ಮೆ ಸಿಗದ ಮಡಿಲನ್ನು ಬಿಟ್ಟುಕೊಡಲು ಆ ಮಗುವಿಗೆ ಧೈರ್ಯ ಸಾಲದು. ಸಮಾಧಾನವಾದರೆ ಇಳಿಸಿಬಿಡುತ್ತಾರೆ ಅನ್ನೋ ಭಯದಲ್ಲಿ ಅದು ಸಮಾಧಾನವಾಗುವುದನ್ನೇ ಮುಂದೂಡುತ್ತದೆ.

ನಾಲ್ಕನೆಯ ಬಗೆಯನ್ನು ಮೇರಿ ಮೇನ್ ಮತ್ತು ಜುಡಿತ್ ಸೊಲೊಮನ್ 1980ರ ದಶಕದಲ್ಲಿ ಗುರುತಿಸಿದರು. ದಿಕ್ಕು ತೋಚದ ನಂಟು ಅನ್ನಬಹುದು. ಮಗು ತಾಯಿಯ ಕಡೆ ಬರುತ್ತಾ ನಡುವೆ ಕಲ್ಲಿನಂತೆ ನಿಂತುಬಿಡುತ್ತದೆ, ಮುಖ ಆ ಕಡೆ ಮಾಡಿ ಹಿಮ್ಮುಖವಾಗಿ ಹತ್ತಿರ ಬರುತ್ತದೆ, ಕಂಡ ಕೂಡಲೇ ಭಯದಿಂದ ಬಾಯಿಗೆ ಕೈ ಇಡುತ್ತದೆ. ಆಸರೆ ಕೊಡಬೇಕಾದವರೇ ಭಯಕ್ಕೂ ಕಾರಣವಾದಾಗ ಮಗುವಿಗೆ ಓಡಲು ದಿಕ್ಕೇ ಇಲ್ಲದಂತಾಗುತ್ತದೆ ಅನ್ನೋದು ಮೇನ್ ಅವರ ವಿವರಣೆ. ಹಾಗಂತ ಇಂಥದ್ದು ಕಂಡರೆ ಆ ಮನೆಯಲ್ಲಿ ಹೊಡೆತ ಇದೆ ಅಂತ ಹೇಳುವ ಹಾಗಿಲ್ಲ. ತಾಯಿ ಅಥವಾ ತಂದೆ ತಮ್ಮ ಹಳೆಯ ದುಃಖದಲ್ಲಿ ಮುಳುಗಿ ಮಗುವಿನ ಎದುರೇ ಬೆದರಿದವರಂತೆ ಕಂಡರೂ ಹೀಗಾಗಬಹುದು. ಒಂದೆರಡು ಸಲ ಮಗು ವಿಚಿತ್ರವಾಗಿ ನಡೆದುಕೊಂಡರೆ ಗಾಬರಿ ಬೇಡ. ಆದರೆ ನಿಮ್ಮನ್ನು ಅಥವಾ ಮನೆಯ ಇನ್ನೊಬ್ಬರನ್ನು ಕಂಡಾಗ ಭಯ ಮತ್ತೆ ಮತ್ತೆ ಕಂಡರೆ ನೋಟ್‌ಬುಕ್ ಮುಚ್ಚಿ, ಮಕ್ಕಳ ಮನೋತಜ್ಞರ ಬಳಿ ಹೋಗಿ. ಅದು ಮನೆಯಲ್ಲೇ ಸರಿಮಾಡಿಕೊಳ್ಳುವ ವಿಷಯ ಅಲ್ಲ.

ಮೂರನೇ ಹೆಜ್ಜೆ: ಮರಳಿದ ಐದು ನಿಮಿಷ

ಎರಡನೇ ವಾರ ನಾವು ಬದಲಿಸಿದ್ದು ಇದೊಂದನ್ನೇ. ಅಮ್ಮ ಬಾಗಿಲ ಹೊರಗೇ ಫೋನನ್ನು ಬ್ಯಾಗಿಗೆ ಹಾಕುತ್ತಾರೆ. ಒಳಗೆ ಬಂದು, ಚಪ್ಪಲಿ ಬಿಟ್ಟು, ಮಗುವಿನಿಂದ ಎರಡು ಮೂರು ಅಡಿ ದೂರದಲ್ಲಿ ನೆಲದ ಮೇಲೆ ಕೂರುತ್ತಾರೆ. ಮೆಲ್ಲಗೆ ಹೆಸರು ಕರೆದು "ಅಮ್ಮ ಬಂದೆ" ಅನ್ನುತ್ತಾರೆ. ಆಮೇಲೆ ಕಾಯುತ್ತಾರೆ.

ಕಾಯುವುದೇ ಕಷ್ಟದ ಭಾಗ. ಮಗು ತಿರುಗಿದಾಗ ನಮಗೆ ಎರಡು ಆಸೆ ಹುಟ್ಟುತ್ತವೆ. ಒಂದು, ಬಾಚಿ ಎತ್ತಿಕೊಂಡು ಮುದ್ದು ಸುರಿಸುವುದು. ಇನ್ನೊಂದು, ಬೇಡ ಅಂದ್ರೆ ಬೇಡ ಅಂತ ಎದ್ದು ಹೋಗುವುದು. ದೂರ ಸರಿಯುವ ಮಗುವಿಗೆ ಮೊದಲನೆಯದು ಜಾಸ್ತಿಯಾಯಿತು ಅನ್ನಿಸಿ ಇನ್ನಷ್ಟು ತಿರುಗುತ್ತದೆ. ಎರಡನೆಯದರಿಂದ ಅದರ ಅನುಮಾನವೇ ನಿಜವಾಗುತ್ತದೆ. ಕೂತಲ್ಲೇ ಕೂತು, ಅದು ನೋಡುವುದನ್ನು ನೀವೂ ನೋಡಿ. ಬ್ಲಾಕ್ ಜೋಡಿಸುತ್ತಿದ್ದರೆ "ಓ, ಕೆಂಪು ಮೇಲೆ ಹೋಯ್ತು" ಅನ್ನಿ. ಪ್ರಶ್ನೆ ಕೇಳಬೇಡಿ, ಹೊಸ ಆಟ ಶುರು ಮಾಡಬೇಡಿ, ಹೊಸ ಆಟಿಕೆ ತೋರಿಸಿ ಹತ್ತಿರ ಸೆಳೆಯಬೇಡಿ. ಮಗು ಒಂದು ಬ್ಲಾಕನ್ನು ನಿಮ್ಮ ಕಡೆ ಚಾಚಿದರೆ, ಬೆನ್ನನ್ನು ನಿಮ್ಮ ಮೊಣಕಾಲಿಗೆ ತಾಗಿಸಿದರೆ, ಒಮ್ಮೆ ತಿರುಗಿ ನಿಮ್ಮ ಮುಖ ನೋಡಿದರೆ ಅದೇ ಅದರ ಕರೆ. ಆಗ ಅಷ್ಟೇ ಪ್ರಮಾಣದಲ್ಲಿ ಉತ್ತರ ಕೊಡಿ.

ತಳಮಳದ ಮಗುವಿನ ಜೊತೆ ಇದೇ ಐದು ನಿಮಿಷ ಬೇರೆ ಥರ ಕಳೆಯುತ್ತದೆ. ಅಲ್ಲಿ ತಕ್ಷಣ ಎತ್ತಿಕೊಳ್ಳಿ. ಒದ್ದರೂ ಇಳಿಸಬೇಡಿ, ಬಿಗಿಯಾಗಿಯೂ ಹಿಡಿಯಬೇಡಿ. "ಅಮ್ಮ ಹೋಗಿದ್ದಕ್ಕೆ ಸಿಟ್ಟು ಬಂತಾ, ಬರಲಿ" ಅಂತ ಒಂದು ಮಾತು ಸಾಕು. ಅಳು ನಿಂತ ಕೂಡಲೇ ಇಳಿಸುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಅಳು ನಿಂತ ಮೇಲೂ ಇರಿ. ಮಗುವೇ ಮೈ ಸಡಿಲಿಸಿ, ಸುತ್ತ ನೋಡಿ, ಕೆಳಗೆ ಜಾರಲು ನೋಡುವ ತನಕ ಕಾಯಿರಿ. ಇಳಿಯುವ ತೀರ್ಮಾನ ಅದರದ್ದಾದರೆ ಮುಂದಿನ ಸಲ ಹಿಡಿದುಕೊಳ್ಳುವ ಅವಸರ ಸ್ವಲ್ಪ ಕಡಿಮೆಯಾಗುತ್ತದೆ.

ಓಡಿ ಬಂದು ಅಪ್ಪಿಕೊಳ್ಳುವ ಮಗು ನಿಮ್ಮದಾಗಿದ್ದರೆ ಇದಾವುದೂ ಬೇಕಿಲ್ಲ. ಅಪ್ಪಿಕೊಳ್ಳಿ, ಅಷ್ಟೇ.

ನಾಲ್ಕನೇ ಹೆಜ್ಜೆ: ಹೋಗುವಾಗ ಹೇಳಿ ಹೋಗಿ

ಮರಳುವುದಕ್ಕೆ ಅರ್ಥ ಬರಬೇಕಾದರೆ ಹೋದದ್ದು ಗೊತ್ತಿರಬೇಕು. ಅಳುತ್ತದೆ ಅಂತ ಮಗುವಿನ ಕಣ್ಣು ತಪ್ಪಿಸಿ ಹೊರಡುವವರು ಬಹಳ. ಆ ಹೊತ್ತಿಗೆ ಅಳು ತಪ್ಪುತ್ತದೆ ನಿಜ. ಆದರೆ ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಅಂತ ಮಗು ಕಲಿಯುತ್ತದೆ. ಆಮೇಲೆ ನೀವು ಬಚ್ಚಲುಮನೆಗೆ ಹೋದರೂ ಹಿಂದೆ ಬರುತ್ತದೆ.

ಅದೇ ಮಾತು, ಅದೇ ಜಾಗ, ಒಂದು ನಿಮಿಷ. "ಅಮ್ಮ ಕೆಲಸಕ್ಕೆ ಹೋಗ್ತೀನಿ, ನಿದ್ದೆ ಆದ ಮೇಲೆ ಬರ್ತೀನಿ." ಗೊತ್ತಿರುವ ಒಬ್ಬರ ಕೈಗೆ ಕೊಟ್ಟು ಹೊರಡಿ. ಬಾಗಿಲಿಂದ ಮೂರು ಸಲ ವಾಪಸ್ ಬಂದು ಮುದ್ದು ಮಾಡಬೇಡಿ, ಅದರಿಂದ ಅಗಲಿಕೆ ಉದ್ದವಾಗುತ್ತದೆ ಅಷ್ಟೇ. ಡೇಕೇರ್ ಆದರೆ ದಿನಕ್ಕೊಬ್ಬರು ಬದಲಾಗದೆ ಒಬ್ಬರೇ ಎತ್ತಿಕೊಳ್ಳುವಂತೆ ಕೇಳಿಕೊಳ್ಳಿ. ತಾಯಿ ಕೆಲಸಕ್ಕೆ ಹೋಗುವುದೇ ನಂಟನ್ನು ಕೆಡಿಸುತ್ತದೆ ಅನ್ನೋ ಮಾತಿಗೆ ಆಧಾರ ಸಿಕ್ಕಿಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನ 1997ರಲ್ಲಿ ಹೇಳಿದ್ದು ಹೀಗೆ: ಬೇರೆಯವರ ಆರೈಕೆ ಅನ್ನೋದು ತಾನೇ ತಾನಾಗಿ ಭದ್ರತೆಯನ್ನು ಕಡಿಮೆ ಮಾಡಲ್ಲ. ತಾಯಿಯ ಸ್ಪಂದನೆಯೂ ಕಡಿಮೆ ಇದ್ದು, ಜೊತೆಗೆ ಹೊರಗಿನ ಆರೈಕೆ ಕಳಪೆಯಾಗಿದ್ದರೆ ಅಥವಾ ಅಲ್ಪ ಹೊತ್ತನ್ನು ಮೀರಿದ್ದರೆ ಅಪಾಯ ಏರುತ್ತದೆ.

ಐದನೇ ಹೆಜ್ಜೆ: ತಪ್ಪಿದ್ದನ್ನು ಜೋಡಿಸುವುದು

ಎರಡನೇ ವಾರದ ಶುಕ್ರವಾರ ಅಮ್ಮ ಸಿಡುಕಿಬಿಟ್ಟರು. ಸುಸ್ತಾಗಿತ್ತು, ಮಗು ನೀರು ಚೆಲ್ಲಿತು, ಇವರು ಜೋರಾಗಿ ಕೂಗಿದರು. "ಎಲ್ಲಾ ಹಾಳಾಯ್ತು ಅಲ್ವಾ?" ಅಂತ ಮೆಸೇಜ್ ಬಂತು.

ಹಾಳಾಗಿಲ್ಲ. ಎಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞ ತಾಯಿ ಮತ್ತು ಎಳೆಗೂಸುಗಳ ಮುಖಾಮುಖಿ ಆಟವನ್ನು ಹತ್ತಿರದಿಂದ ನೋಡಿದವರು. ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ ಅಂತ ಅವರ ಕೆಲಸದಿಂದ ತಿಳಿದುಬಂತು. ಉಳಿದ ಹೊತ್ತು ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು, ಇದೇ ನಡೆಯುತ್ತಿರುತ್ತದೆ. ಹಾಗಾಗಿ ಕೂಗಿದ ಮೇಲೆ ಮಾಡಬೇಕಾದದ್ದು ಸಣ್ಣದು. ಮೊದಲು ನಿಮ್ಮ ಉಸಿರು ಶಾಂತವಾಗಲಿ. ಮಗುವಿನ ಎತ್ತರಕ್ಕೆ ಬಗ್ಗಿ. "ಅಮ್ಮ ಕೂಗಿದೆ, ನಿಂಗೆ ಹೆದರಿಕೆ ಆಯ್ತು" ಅನ್ನಿ. ಮಾತು ಪೂರ್ತಿ ಅರ್ಥವಾಗದಿದ್ದರೂ ದನಿ ಬದಲಾದದ್ದು ಅರ್ಥವಾಗುತ್ತದೆ. ಮಗು ಮತ್ತೆ ನಿಮ್ಮ ಮುಖ ನೋಡುವ ತನಕ ಅಲ್ಲೇ ಇರಿ.

ಎಲ್ಲವನ್ನೂ ತಾಯಿಯ ಮೇಲೆ ಹೊರಿಸುವುದನ್ನು ನಾನು ಒಪ್ಪಲ್ಲ. 1997ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಾಯಿ ಎಷ್ಟು ಸ್ಪಂದಿಸುತ್ತಾಳೆ ಅನ್ನೋದಕ್ಕೂ ಮಗುವಿನ ಭದ್ರತೆಗೂ ಇರುವ ಸಂಬಂಧ ಸುಮಾರು 0.24 ಅಂತ ಬಂತು. ಪೂರ್ತಿ ಹೊಂದಾಣಿಕೆ ಇದ್ದರೆ ಅದು 1, ಏನೂ ಇಲ್ಲದಿದ್ದರೆ 0. ಅಂದರೆ ಸ್ಪಂದನೆಗೆ ಬೆಲೆ ಇದೆ, ಆದರೆ ಬೇರೆ ಕಾರಣಗಳಿಗೂ ಬಹಳ ಜಾಗ ಇದೆ. ಮನೆಯ ಒತ್ತಡ, ಗಂಡ ಹೆಂಡಿರ ಹೊಂದಾಣಿಕೆ, ಸಹಾಯಕ್ಕೆ ಜನ ಇದ್ದಾರಾ ಇಲ್ಲವಾ, ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಒಳ್ಳೆಯ ಸುದ್ದಿಯೂ ಇದೆ. ಪೋಷಕರಿಗೆ ನೆರವಾಗುವ ಕಾರ್ಯಕ್ರಮಗಳನ್ನು 2003ರಲ್ಲಿ ಹೀಗೆಯೇ ಒಟ್ಟಾಗಿ ನೋಡಿದಾಗ, ವರ್ಷಗಟ್ಟಲೆ ನಡೆಯುವವುಗಳಿಗಿಂತ ಕೆಲವೇ ಭೇಟಿಗಳಲ್ಲಿ ಮಗುವಿನ ಸನ್ನೆ ಓದುವುದನ್ನು ಕಲಿಸುವವೇ ಹೆಚ್ಚು ಫಲ ಕೊಟ್ಟಿದ್ದವು. ಐದು ನಿಮಿಷದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಅದೇ ಕಾರಣ.

ಆರನೇ ಹೆಜ್ಜೆ: ನಿಮ್ಮ ಕಥೆಯನ್ನೂ ನೋಡಿಕೊಳ್ಳಿ

ಮೂರನೇ ಭೇಟಿಯಲ್ಲಿ ಅಪ್ಪ ತಾವಾಗಿಯೇ ಒಂದು ಮಾತು ತೆಗೆದರು. "ನಾನೂ ಹೀಗೇ ಮೇಡಂ. ಟೂರ್ ಮುಗಿಸಿ ನಾಲ್ಕು ದಿನದ ಮೇಲೆ ಮನೆಗೆ ಬಂದ್ರೆ ಸೀದಾ ಸ್ನಾನಕ್ಕೆ ಹೋಗ್ತೀನಿ. ಇವಳಿಗೆ ಅದೇ ಬೇಜಾರು." ಅಮ್ಮ ತಲೆಯಾಡಿಸಿದರು. ಅಪ್ಪ ಚಿಕ್ಕವರಿದ್ದಾಗ ಅಳುವ ಹುಡುಗನಿಗೆ ಅವರ ಮನೆಯಲ್ಲಿ ಜಾಗ ಇರಲಿಲ್ಲವಂತೆ.

ಇಲ್ಲಿ ನಾವೆಲ್ಲರೂ ಅವಸರಪಡುತ್ತೇವೆ. ಮಗುವಾಗಿದ್ದಾಗ ಹೀಗಿತ್ತು, ಹಾಗಾಗಿ ಮದುವೆಯಲ್ಲಿ ಹೀಗೆ ಅಂತ ಗೆರೆ ಎಳೆದುಬಿಡುತ್ತೇವೆ. ದೊಡ್ಡವರ ಪ್ರೀತಿಗೂ ಇದೇ ಬಗೆಗಳಿವೆ ಅನ್ನೋ ಯೋಚನೆಯನ್ನು ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಮುಂದಿಟ್ಟರು. ಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಹಾಕಿ ಓದುಗರಿಂದ ಉತ್ತರ ಪಡೆದರು. ಸುಮಾರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ತಮ್ಮನ್ನು ಭದ್ರ ಗುಂಪಿನಲ್ಲಿ ಗುರುತಿಸಿಕೊಂಡರು. ಆದರೆ ಆ ಓದುಗರನ್ನು ಯಾರೂ ಒಂದು ವರ್ಷದ ಮಗುವಾಗಿದ್ದಾಗ ನೋಡಿರಲಿಲ್ಲ. ಇಂದಿನ ಪ್ರೀತಿಯ ಬಗ್ಗೆ ಒಬ್ಬರು ತುಂಬಿದ ಪ್ರಶ್ನಾವಳಿಯೂ, ಶಿಶುವಾಗಿದ್ದಾಗ ಇನ್ನೊಬ್ಬರು ಗಮನಿಸಿದ್ದೂ ಬೇರೆ ಬೇರೆ ಅಳತೆಗೋಲುಗಳು.

ಶಿಶುವಿನಿಂದಲೇ ಹಿಂಬಾಲಿಸಿದ ಅಧ್ಯಯನಗಳು ಕೆಲವೇ ಇವೆ. 2000ದಲ್ಲಿ ವಾಟರ್ಸ್ ಮತ್ತು ಜೊತೆಗಾರರು ಒಂದು ವರ್ಷದಲ್ಲಿ ಪರೀಕ್ಷಿಸಿದ್ದ 50 ಜನರನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ನೋಡಿದರು. ಭದ್ರವೋ ಅಲ್ಲವೋ ಅನ್ನೋದು 72% ಜನರಲ್ಲಿ ಹಾಗೆಯೇ ಉಳಿದಿತ್ತು. ನಡುವೆ ಪೋಷಕರ ಸಾವು, ವಿಚ್ಛೇದನ, ಗಂಭೀರ ಕಾಯಿಲೆಯಂಥದ್ದು ಬಂದಿದ್ದವರಲ್ಲಿ ಬದಲಾವಣೆ ಜಾಸ್ತಿ. ಅದೇ ಹೊತ್ತಿಗೆ ಬಡತನದಲ್ಲಿ ಬೆಳೆದ ಅಮೆರಿಕದ ಮಿನ್ನೆಸೋಟಾದ ಗುಂಪಿನಲ್ಲಿ ನೋಡಿದಾಗ ಅಂಥ ಮುಂದುವರಿಕೆ ಕಾಣಲೇ ಇಲ್ಲ. ಬದುಕು ಪದೇ ಪದೇ ಅಲ್ಲಾಡಿದರೆ ನಂಟಿನ ಬಗೆಯೂ ಅಲ್ಲಾಡುತ್ತದೆ, ಎರಡೂ ದಿಕ್ಕಿಗೆ.

ಮಿನ್ನೆಸೋಟಾದ್ದೇ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಜೆಫ್ರಿ ಸಿಂಪ್ಸನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ್ದು. ಒಂದು ವರ್ಷದಲ್ಲಿ ಭದ್ರವಾಗಿದ್ದ ಮಕ್ಕಳು ಪ್ರೈಮರಿ ಶಾಲೆಯಲ್ಲಿ ಗೆಳೆಯರ ಜೊತೆ ಚೆನ್ನಾಗಿ ಬೆರೆತರು. ಚೆನ್ನಾಗಿ ಬೆರೆತವರಿಗೆ 16ನೇ ವಯಸ್ಸಿಗೆ ಆಪ್ತ ಗೆಳೆತನಗಳಿದ್ದವು. ಅಂಥವರು ಇಪ್ಪತ್ತರ ಹರೆಯದ ಪ್ರೇಮದಲ್ಲಿ ಸಂಗಾತಿಯ ಜೊತೆ ಹೆಚ್ಚು ಒಳ್ಳೆಯ ಭಾವನೆ ತೋರಿಸಿದರು. ಇದು ಕೊಂಡಿಗೆ ಕೊಂಡಿ ಸೇರಿದ ಸರಪಳಿ. ಶಿಶುವಿನಿಂದ ಮದುವೆಗೆ ನೇರ ಹಾರಿಕೆ ಇಲ್ಲ, ನಡುವೆ ಗೆಳೆಯರಿದ್ದಾರೆ. ಎಂಟು ವರ್ಷದಲ್ಲಿ ಸಿಕ್ಕ ಒಳ್ಳೆಯ ಗೆಳೆಯ, ಹದಿನಾರರಲ್ಲಿ ಮಾತು ಕೇಳುವ ಗೆಳತಿ ಕಥೆಯ ದಿಕ್ಕು ಬದಲಿಸಬಲ್ಲರು.

ಹಾಗಾದರೆ ದೊಡ್ಡವರು ತಮ್ಮ ಬಗ್ಗೆ ಏನು ಮಾಡಬಹುದು? ಮೇರಿ ಮೇನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ದೊಡ್ಡವರಿಗಾಗಿ ಒಂದು ಸಂದರ್ಶನ ರೂಪಿಸಿದರು. ಅದರಲ್ಲಿ ಬಾಲ್ಯ ಎಷ್ಟು ಸುಖವಾಗಿತ್ತು ಅನ್ನೋದಕ್ಕಿಂತ ಅದನ್ನು ಹೇಗೆ ಹೇಳುತ್ತಾರೆ ಅನ್ನೋದು ಮುಖ್ಯ. ಕೆಲವರು "ತುಂಬಾ ಒಳ್ಳೆ ಬಾಲ್ಯ" ಅಂದು ಒಂದು ನೆನಪನ್ನೂ ಹೇಳಲಾರರು. ಕೆಲವರು ಹಳೆಯ ಸಿಟ್ಟು ನಿನ್ನೆ ಆದಂತೆ ಮಾತಾಡುತ್ತಲೇ ಇರುತ್ತಾರೆ. ಕಷ್ಟದ ಬಾಲ್ಯವನ್ನೂ ಸಮತೋಲನದಿಂದ, ಉದಾಹರಣೆ ಸಮೇತ ಹೇಳಬಲ್ಲವರನ್ನು ಭದ್ರ ಗುಂಪಿಗೇ ಸೇರಿಸುತ್ತಾರೆ. ಲಂಡನ್ನಿನಲ್ಲಿ ಬಸಿರಿನ ಹೊತ್ತಿಗೇ ತಾಯಂದಿರ ಜೊತೆ ಈ ಸಂದರ್ಶನ ಮಾಡಿ, ಮಗುವಿಗೆ ಒಂದು ವರ್ಷವಾದಾಗ ನೋಡಿದರು. ಸುಮಾರು ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ ತಾಯಿ ಭದ್ರವೋ ಅಲ್ಲವೋ ಅನ್ನೋದು ಮಗುವಿನ ನಂಟಿಗೆ ಹೊಂದಿತ್ತು.

ಆ ಅಪ್ಪನಿಗೆ ನಾನು ಕೇಳಿದ್ದು ಎರಡೇ ಪ್ರಶ್ನೆ. ಚಿಕ್ಕವರಿದ್ದಾಗ ಪೆಟ್ಟಾದರೆ ಯಾರ ಹತ್ತಿರ ಹೋಗುತ್ತಿದ್ದಿರಿ, ಒಂದು ಸಲದ್ದು ನೆನಪಿದ್ದರೆ ಹೇಳಿ. ಆಗ ಅವರು ಏನು ಮಾಡಿದರು? ಮೊದಲನೆಯದಕ್ಕೆ ಅವರಿಗೆ ಉತ್ತರ ಸಿಗಲು ಬಹಳ ಹೊತ್ತು ಬೇಕಾಯಿತು. ನೀವೂ ಇದನ್ನು ಬರೆದು ನೋಡಬಹುದು. ಸಂಗಾತಿಗೆ ಮಾತ್ರ ಹಣೆಪಟ್ಟಿ ಅಂಟಿಸಬೇಡಿ. "ನೀನು ದೂರ ಸರಿಯೋ ಥರದವನು" ಅಂತ ಜಗಳದಲ್ಲಿ ಹೇಳಿದರೆ ಆ ತಿಳಿವಳಿಕೆ ಬೈಗುಳ ಆಗುತ್ತದೆ. ಅದರ ಬದಲು ಮರಳುವ ಐದು ನಿಮಿಷವನ್ನೇ ಇಬ್ಬರೂ ಮಾತಾಡಿಕೊಳ್ಳಿ. 1998ರಲ್ಲಿ ಕ್ರಿಸ್ ಫ್ರೇಲಿ ಮತ್ತು ಶೇವರ್ ವಿಮಾನ ನಿಲ್ದಾಣದಲ್ಲಿ ಜೋಡಿಗಳನ್ನು ಗಮನಿಸಿದ್ದರು. ಅಗಲುತ್ತಿದ್ದವರು ಒಟ್ಟಿಗೆ ಪ್ರಯಾಣ ಮಾಡುವವರಿಗಿಂತ ಹೆಚ್ಚು ಅಪ್ಪಿ ಹಿಡಿಯುತ್ತಿದ್ದರು. ಹತ್ತಿರ ಬೇಕು ಅನ್ನೋದು ದೊಡ್ಡವರಲ್ಲೂ ಹೋಗಿರುವುದಿಲ್ಲ.

ನಂಟಿನ ವಿಷಯ ಅಲ್ಲದಿದ್ದರೆ

ಒಂದು ಎಚ್ಚರಿಕೆ. ಮಗು ಹೆಸರು ಕರೆದರೂ ತಿರುಗದಿದ್ದರೆ, ಒಂದೂವರೆ ವರ್ಷದ ಹೊತ್ತಿಗೂ ಬೆರಳು ತೋರಿಸಿ ಏನನ್ನೂ ಹಂಚಿಕೊಳ್ಳದಿದ್ದರೆ, ಪೆಟ್ಟಾದಾಗಲೂ ಯಾರ ಹತ್ತಿರವೂ ಹೋಗದಿದ್ದರೆ ಅದನ್ನು ನಂಟಿನ ಬಗೆ ಅಂತ ತೀರ್ಮಾನಿಸಿ ಕೂರಬೇಡಿ. ಮಕ್ಕಳ ಡಾಕ್ಟರ ಬಳಿ ಕಿವಿಯನ್ನೂ ಬೆಳವಣಿಗೆಯನ್ನೂ ಪರೀಕ್ಷೆ ಮಾಡಿಸಿ. ಆಟಿಸಂ ಇರುವ ಮಕ್ಕಳೂ ಭದ್ರ ನಂಟು ಕಟ್ಟುತ್ತಾರೆ, ಆದರೆ ಅವರಿಗೆ ಬೇಕಾದ ನೆರವು ಬೇರೆ. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ದು ಮಗುವಿನ ಕಡೆ ನೋಡಲೂ ಆಗದಂತಿದ್ದರೆ, ಮೊದಲು ನಿಮಗೆ ಚಿಕಿತ್ಸೆ ಬೇಕು. ಐದು ನಿಮಿಷದ ಅಭ್ಯಾಸ ಆಮೇಲೆ.

ಆ ಮನೆಯ ನೋಟ್‌ಬುಕ್‌ನ ನಾಲ್ಕನೇ ವಾರದಲ್ಲಿ ಹೀಗಿದೆ. "ಬುಧವಾರ: ಕೂತೆ. ಎರಡು ನಿಮಿಷ ಬ್ಲಾಕ್ಸ್ ಆಡಿದ. ಆಮೇಲೆ ಬೆನ್ನು ಮಾಡಿ ಬಂದು ತೊಡೆ ಮೇಲೆ ಕೂತ. ಮುಖ ನೋಡಲಿಲ್ಲ." ಅವನ ನಂಟಿನ ಬಗೆ ಬದಲಾಯಿತು ಅಂತ ನಾನು ಹೇಳಲಾರೆ. ಅದನ್ನು ನಾವು ಅಳೆದೂ ಇಲ್ಲ, ಡೇಕೇರ್‌ಗೆ ಅವನು ಹೊಂದಿಕೊಂಡಿದ್ದೂ ಕಾರಣ ಇರಬಹುದು. ಮೂರು ದಿನದ ಮೇಲೆ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲಿದೆ, ಅಪ್ಪನದು: "ಶನಿವಾರ: ಟೂರಿಂದ ಬಂದೆ. ಸ್ನಾನಕ್ಕೆ ಹೋಗಲಿಲ್ಲ. ಇಬ್ಬರ ಪಕ್ಕ ನೆಲದ ಮೇಲೆ ಕೂತೆ. ನನ್ನ ಕೈಗೆ ಒಂದು ಬ್ಲಾಕ್ ಕೊಟ್ಟ."